ಒಂಬತ್ತು ಸಾವಿರದ ರಿಪೇರಿ, ಇಪ್ಪತ್ತೇಳು ಸಾವಿರದ ಹೊಸ ಫ್ರಿಜ್

ಫ್ರಿಜ್ ಕೆಟ್ಟಾಗ ಮೆಕ್ಯಾನಿಕ್ ಒಂದೂವರೆ ಸಾವಿರ ಎಂದರೆ ಯಾರೂ ಹೆಚ್ಚು ಯೋಚಿಸುವುದಿಲ್ಲ, ಮಾಡಿಸಿಬಿಡುತ್ತಾರೆ. ಹದಿನೈದು ಸಾವಿರ ಎಂದರೂ ಯೋಚಿಸುವುದಿಲ್ಲ, ನೇರ ಅಂಗಡಿಗೆ ಹೋಗುತ್ತಾರೆ. ಮನೆಯವರನ್ನು ವಾರಗಟ್ಟಲೆ ಕಾಡುವುದು ನಡುವಿನ ಮೊತ್ತ. ಎರಡು ಬಾಗಿಲಿನ, 250 ಲೀಟರಿನ, 11 ವರ್ಷ ಹಳೆಯ ಫ್ರಿಜ್ ಎಂದಿಟ್ಟುಕೊಳ್ಳಿ. ಕೂಲಿಂಗ್ ನಿಂತಿದೆ. ಬಂದವರು ನೋಡಿ, ‘ಕಂಪ್ರೆಸರ್ ಹೋಗಿದೆ, ಗ್ಯಾಸ್ ಎಲ್ಲ ಸೇರಿ 9,000 ಆಗುತ್ತದೆ’ ಎನ್ನುತ್ತಾರೆ. ಅಷ್ಟೇ ದೊಡ್ಡ ಹೊಸ ಫ್ರಿಜ್‌ಗೆ ಅಂಗಡಿಯಲ್ಲಿ 27,000. ಮೂರರಲ್ಲಿ ಒಂದು ಪಾಲು. ಅಜ್ಜಿ ‘ಹಳೆಯದು ಗಟ್ಟಿ, ಮಾಡಿಸಿ’ ಎನ್ನುತ್ತಾರೆ, ಮಗ ‘ಸುಮ್ಮನೆ ದುಡ್ಡು ದಂಡ’ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಅರ್ಧ ಬೆಲೆ ದಾಟಿದರೆ ಬಿಡಿ, ಅದಕ್ಕಿಂತ ಕಡಿಮೆಯಾದರೆ ಮಾಡಿಸಿ ಎಂಬ ಒಂದು ಲೆಕ್ಕ ಬಾಯಿಂದ ಬಾಯಿಗೆ ಬಂದಿದೆ. ಫ್ರಿಜ್ ವಿಷಯದಲ್ಲಿ ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. 9,000 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದು ಹೊಸದರ ಬೆಲೆಯಿಂದ ತೀರ್ಮಾನವಾಗುವುದಿಲ್ಲ. ಆ ಹಣ ಇನ್ನೆಷ್ಟು ವರ್ಷ ತಂದುಕೊಡುತ್ತದೆ, ಆ ವರ್ಷಗಳಲ್ಲಿ ಹಳೆಯ ಫ್ರಿಜ್ ಎಷ್ಟು ಕರೆಂಟ್ ತಿನ್ನುತ್ತದೆ, ಇವೆರಡರಿಂದ ತೀರ್ಮಾನವಾಗುತ್ತದೆ. ಅದಕ್ಕೂ ಮೊದಲು, ಹೋಗಿದೆ ಎಂದದ್ದು ನಿಜವಾಗಿ ಹೋಗಿದೆಯೇ ಎಂದು ತಿಳಿಯಬೇಕು.

ಫ್ರಿಜ್‌ನ ಒಳಗೆ ನಡೆಯುವ ಕೆಲಸ ಸರಳ. ಹಿಂಬದಿ ಕೆಳಗಿರುವ ಕಪ್ಪು ಗುಂಡಗಿನ ಡಬ್ಬಿಯೇ ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ಕಂಡೆನ್ಸರ್ ಎಂಬ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಗ್ಯಾಸ್ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ದ್ರವ ಒಂದು ಫಿಲ್ಟರ್ ದಾಟಿ, ಕೂದಲಿನಷ್ಟು ಕಿರಿದಾದ ರಂಧ್ರವಿರುವ ಕ್ಯಾಪಿಲರಿ ಕೊಳವೆಯ ಮೂಲಕ ಫ್ರೀಜರಿನ ಕಾಯಿಲ್‌ಗೆ ಹೋಗುತ್ತದೆ. ಅಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಂಡು ಕಂಪ್ರೆಸರ್‌ಗೆ ಮರಳುತ್ತದೆ. ಈ ದಾರಿಯುದ್ದಕ್ಕೂ ಕೊಳವೆಗಳನ್ನು ಬೆಸೆದು ಮುಚ್ಚಿರುತ್ತಾರೆ. ಗ್ಯಾಸ್ ಎಲ್ಲೂ ಉರಿಯುವುದಿಲ್ಲ, ಸವೆಯುವುದಿಲ್ಲ. ಕಾರ್ಖಾನೆಯಲ್ಲಿ ತುಂಬಿದ ನೂರು ಗ್ರಾಂ ಆಸುಪಾಸಿನ ಗ್ಯಾಸ್ ಇಪ್ಪತ್ತು ವರ್ಷವಾದರೂ ಅಷ್ಟೇ ಇರಬೇಕು.

ಆದ್ದರಿಂದ ‘ಗ್ಯಾಸ್ ಖಾಲಿಯಾಗಿದೆ ಅಕ್ಕ, ತುಂಬಿಸಿದರೆ ಸರಿಹೋಗುತ್ತದೆ’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಎಲ್ಲಿ ಸೋರಿದೆ ಅಣ್ಣಾ, ತೋರಿಸಿ.’ ತೂತು ಹುಡುಕದೆ ಗ್ಯಾಸ್ ತುಂಬುವುದು ಪಂಕ್ಚರ್ ಹಾಕದ ಟ್ಯೂಬಿಗೆ ಗಾಳಿ ಹೊಡೆದಂತೆ. ಎರಡು ತಿಂಗಳೋ ಆರು ತಿಂಗಳೋ ನಡೆದು ಮತ್ತೆ ಅಲ್ಲಿಗೇ ಬರುತ್ತದೆ. ಒಳ್ಳೆಯ ಕೆಲಸಗಾರ ಕೊಳವೆಗಳಿಗೆ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಬೆಸುಗೆಯ ಜಾಗಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದನ್ನು ತೋರಿಸುತ್ತಾನೆ.

ನಿಜವಾಗಿ ಗ್ಯಾಸ್ ಕಡಿಮೆಯಾಗಿದ್ದರೆ ಅದರ ಗುರುತುಗಳೇ ಬೇರೆ. ಕಂಪ್ರೆಸರ್ ನಿಲ್ಲದೆ ಓಡುತ್ತಿರುತ್ತದೆ, ಕಂಡೆನ್ಸರ್ ಇರುವ ಬದಿಗಳು ಬಿಸಿಯೇ ಆಗುವುದಿಲ್ಲ, ಫ್ರೀಜರಿನ ಕಾಯಿಲ್‌ನ ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟಿ ಉಳಿದ ಭಾಗ ಒಣಗಿರುತ್ತದೆ. ಆದರೆ ಇದಕ್ಕೆ ಹೋಲುವ ಇನ್ನೊಂದು ತೊಂದರೆಯಿದೆ, ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಬಹಳ ಸಾಮಾನ್ಯ. ಮೇಲೆ ಫ್ರೀಜರ್ ತಣ್ಣಗಿರುತ್ತದೆ, ಕೆಳಗೆ ಮಾತ್ರ ಹಾಲು ಹುಳಿಯಾಗುತ್ತದೆ. ಈ ಬಗೆಯ ಫ್ರಿಜ್‌ನಲ್ಲಿ ಕಾಯಿಲ್ ಫ್ರೀಜರಿನ ಹಿಂಬದಿ ತಗಡಿನ ಆಚೆ ಅಡಗಿರುತ್ತದೆ, ಒಂದು ಫ್ಯಾನ್ ಅದರ ಮೇಲಿನ ತಂಪನ್ನು ಕೆಳಗೂ ಹಂಚುತ್ತದೆ. ಕಾಯಿಲ್ ಮೇಲೆ ಕಟ್ಟುವ ಹಿಮವನ್ನು ಕೆಲವು ಗಂಟೆಗಳಿಗೊಮ್ಮೆ ಸಣ್ಣ ಹೀಟರ್ ಕರಗಿಸಬೇಕು. ಹೀಟರ್, ಅದನ್ನು ಕಾಯುವ ಸೆನ್ಸರ್, ಇಲ್ಲವೇ ಟೈಮರ್ ಕೆಟ್ಟರೆ ಹಿಮ ಗಡ್ಡೆಗಟ್ಟಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಫ್ರಿಜ್ ಖಾಲಿ ಮಾಡಿ, ಸ್ವಿಚ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ಇಡೀ ದಿನ ಬಿಡಿ. ನೀರೆಲ್ಲ ಇಳಿದ ಮೇಲೆ ಹಾಕಿ ನೋಡಿ. ಮೊದಲಿನ ಹಾಗೆ ತಂಪಾಗಿ, ಹತ್ತಾರು ದಿನದ ನಂತರ ಮತ್ತೆ ಕೆಳಗಿನ ಭಾಗ ಬಿಸಿಯಾದರೆ ತೊಂದರೆ ಹಿಮ ಕರಗಿಸುವ ಭಾಗಗಳದ್ದು. ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸೂ ಇದೆ. ರಿಪೇರಿಯ ಖರ್ಚು 9,000ದ ಹತ್ತಿರವೂ ಬರುವುದಿಲ್ಲ.

ಕಂಪ್ರೆಸರ್ ಹೋಗಿದೆ ಎಂಬ ಮಾತಿಗೂ ಪುರಾವೆ ಕೇಳಬಹುದು. ಕೆಲವು ನಿಮಿಷಕ್ಕೊಮ್ಮೆ ‘ಗುಂಯ್’ ಎಂದು ಪ್ರಯತ್ನಿಸಿ ‘ಟಕ್’ ಎಂದು ನಿಲ್ಲುತ್ತಿದ್ದರೆ ದೋಷ ಮೂರು ಕಡೆ ಇರಬಹುದು. ಕಂಪ್ರೆಸರ್ ಒಳಗೇ ಬಿಗಿದಿರಬಹುದು. ಅದನ್ನು ಎಬ್ಬಿಸುವ ರಿಲೇ ಕೆಟ್ಟಿರಬಹುದು, ಅದು ಕೆಲವು ನೂರು ರೂಪಾಯಿಯ ಭಾಗ. ಇಲ್ಲವೇ ಬೇಸಿಗೆಯ ಸಂಜೆ ಊರಲ್ಲಿ ವೋಲ್ಟೇಜ್ ಬಿದ್ದಿರಬಹುದು. ಆದ್ದರಿಂದ ಮೊದಲು ವೋಲ್ಟೇಜ್ ನೋಡಬೇಕು, ಆಮೇಲೆ ಹೊಸ ರಿಲೇ ಹಾಕಿ ನೋಡಬೇಕು. ಆಗಲೂ ಏಳದಿದ್ದರೆ ಮಲ್ಟಿಮೀಟರ್. ಹಳೆಯ ಮಾದರಿಯ, ಇನ್ವರ್ಟರ್ ಅಲ್ಲದ ಕಂಪ್ರೆಸರ್‌ಗೆ ಮೂರು ಪಿನ್ ಇರುತ್ತವೆ. ಅವುಗಳ ನಡುವೆ ಬರುವ ಮೂರು ಅಳತೆಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮವಾಗಿರಬೇಕು. ಯಾವ ಪಿನ್‌ನಿಂದಲೂ ಹೊರಗಿನ ಲೋಹಕ್ಕೆ ಸಂಪರ್ಕ ಸಿಗಬಾರದು. ಅಳತೆ ತಪ್ಪಿದರೆ ಒಳಗಿನ ಸುರುಳಿ ಸುಟ್ಟಿದೆ, ಚರ್ಚೆಗೆ ಜಾಗವಿಲ್ಲ. ಅಳತೆ ಸರಿಯಿದ್ದು, ವೋಲ್ಟೇಜ್ ಮತ್ತು ರಿಲೇ ಎರಡೂ ಸರಿಯಿದ್ದು, ಆದರೂ ಏಳದಿದ್ದರೆ ಅದು ಒಳಗೆ ಬಿಗಿದಿದೆ. ಇದಿಷ್ಟಕ್ಕೆ ಅರ್ಧ ಗಂಟೆ ಸಾಕು. ಮುಟ್ಟಿ ನೋಡಿ ‘ಹೋಗಿದೆ’ ಎಂದವರ ಮಾತಿಗೆ 9,000 ಕೊಡಬಾರದು.

ಕಂಪ್ರೆಸರ್ ನಿಜವಾಗಿಯೇ ಹೋಗಿದ್ದರೆ ಹಳೆಯ ಬಿಲ್ಲು, ವಾರಂಟಿ ಕಾರ್ಡು ಹುಡುಕಿ. ಅನೇಕ ಕಂಪನಿಗಳು ಫ್ರಿಜ್‌ಗೆ 1 ವರ್ಷ ವಾರಂಟಿ ಕೊಟ್ಟರೂ ಕಂಪ್ರೆಸರ್‌ಗೆ ಬೇರೆಯಾಗಿ 10 ವರ್ಷ ಕೊಡುತ್ತವೆ. 9 ವರ್ಷದ ಫ್ರಿಜ್ ಎಂದರೆ ಕಂಪ್ರೆಸರ್ ಪುಕ್ಕಟೆ ಸಿಗಬಹುದು. ಗ್ಯಾಸ್, ಫಿಲ್ಟರ್, ಕೂಲಿ, ಬಂದುಹೋಗುವ ಖರ್ಚು ಮಾತ್ರ ನಮ್ಮದು. ಮೂರರ ಒಂದು ಪಾಲು ಎಂಬ ಲೆಕ್ಕವೇ ಅಲ್ಲಿ ಬದಲಾಗಿಹೋಗುತ್ತದೆ. ನಮ್ಮ ಉದಾಹರಣೆಯ ಫ್ರಿಜ್‌ಗೆ 11 ವರ್ಷ, ಹಾಗಾಗಿ ಆ ದಾರಿ ಮುಚ್ಚಿದೆ.

ಇನ್ನು ಹೊಸ ಕಂಪ್ರೆಸರ್ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ. ಡಬ್ಬಿಯ ಗುಣಕ್ಕಿಂತ ಅದನ್ನು ಕೂರಿಸಿದ ಕೈಯ ಮೇಲೆ ಇದು ಹೆಚ್ಚು ನಿಂತಿದೆ. ಕೊಳವೆ ಕತ್ತರಿಸಿದ ಕೂಡಲೇ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತದೆ. ಆರ್-134ಎ ಎಂಬ ಗ್ಯಾಸಿನ ಜೊತೆ ಬಳಸುವ ಎಣ್ಣೆಯಂತೂ ತೇವವನ್ನು ಎಳೆದುಕೊಳ್ಳುತ್ತದೆ. ಒಳಗೆ ಉಳಿದ ತೇವ ಕ್ಯಾಪಿಲರಿಯ ಬಾಯಲ್ಲಿ ಮಂಜುಗಟ್ಟಿ ದಾರಿ ಕಟ್ಟುತ್ತದೆ, ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಸುರುಳಿಯನ್ನು ತಿನ್ನುತ್ತದೆ. ಆದ್ದರಿಂದ ಕೊಳವೆ ತೆರೆದಾಗಲೆಲ್ಲ ಫಿಲ್ಟರ್ ಹೊಸದು ಹಾಕಲೇಬೇಕು. ಬೆಸುಗೆಯ ನಂತರ ವ್ಯಾಕ್ಯೂಮ್ ಪಂಪ್ ಜೋಡಿಸಿ ಒಳಗಿನ ಗಾಳಿ, ತೇವ ಎರಡನ್ನೂ ಅರ್ಧ ಗಂಟೆಗೂ ಮಿಕ್ಕಿ ಎಳೆಯಬೇಕು. ಆಮೇಲೆ ಫ್ರಿಜ್‌ನ ಹಿಂಬದಿಯ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಬಿಡಬೇಕು. ವಾಡಿಕೆಯಲ್ಲಿ ಏನಾಗುತ್ತದೆ? ಪಂಪ್ ತಂದಿರುವುದಿಲ್ಲ, ಫ್ರಿಜ್‌ನ ಕಂಪ್ರೆಸರನ್ನೇ ಓಡಿಸಿ ಗಾಳಿ ಹೊರಗೆ ತಳ್ಳುತ್ತಾರೆ. ಗ್ಯಾಸನ್ನು ಕೊಳವೆ ಮುಟ್ಟಿ ನೋಡಿ ಅಂದಾಜಿನ ಮೇಲೆ ಬಿಡುತ್ತಾರೆ. ಅಂದು ಸಂಜೆ ಐಸ್ ಕಟ್ಟುತ್ತದೆ, ಮನೆಯವರಿಗೆ ಸಂತೋಷ. ಇಂಥ ಕೆಲಸದ ಕಂಪ್ರೆಸರ್ ಒಂದೆರಡು ವರ್ಷದಲ್ಲಿ ಮತ್ತೆ ಕೈಕೊಟ್ಟರೆ ಅಚ್ಚರಿಯಿಲ್ಲ. 9,000 ಒಪ್ಪುವ ಮೊದಲೇ ‘ವ್ಯಾಕ್ಯೂಮ್ ಪಂಪ್ ತರುತ್ತೀರಾ, ಗ್ಯಾಸ್ ತೂಗಿ ಹಾಕುತ್ತೀರಾ, ಫಿಲ್ಟರ್ ಹೊಸದೇ, ಕಂಪ್ರೆಸರ್‌ಗೆ ಬಿಲ್ಲಿನಲ್ಲಿ ಎಷ್ಟು ತಿಂಗಳ ಗ್ಯಾರಂಟಿ ಬರೆಯುತ್ತೀರಿ’ ಎಂದು ಕೇಳಿ. ಬಲ್ಲವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಎಚ್ಚರ ಇನ್ನಷ್ಟು ಬೇಕು. ಅದು ಐಸೋಬ್ಯುಟೇನ್, ಅಡುಗೆ ಗ್ಯಾಸಿನಂತೆ ಬೆಂಕಿ ಹತ್ತುವಂಥದ್ದು. ಒಂದು ಫ್ರಿಜ್‌ಗೆ ಐವತ್ತು ಗ್ರಾಂ ಆಸುಪಾಸು ಸಾಕು, ಹತ್ತು ಗ್ರಾಂ ಹೆಚ್ಚುಕಡಿಮೆಯಾದರೂ ಕೂಲಿಂಗ್ ಕೆಡುತ್ತದೆ. ಒಳಗೆ ಗ್ಯಾಸ್ ಉಳಿದಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿಯುವವರಿಂದ, ‘ಆ ಗ್ಯಾಸ್ ಇಲ್ಲ, ಇದನ್ನೇ ಹಾಕುತ್ತೇನೆ’ ಎಂದು ಬೇರೆ ಸಿಲಿಂಡರ್ ತೆಗೆಯುವವರಿಂದ ಕೆಲಸ ಮಾಡಿಸಬೇಡಿ.

ಎಷ್ಟೇ ಚೆನ್ನಾಗಿ ಮಾಡಿದರೂ ರಿಪೇರಿಗೆ ನಿಲುಕದ ಒಂದು ಭಾಗವಿದೆ, ಫ್ರಿಜ್‌ನ ಗೋಡೆ. ತಗಡಿಗೂ ಒಳಗಿನ ಪ್ಲಾಸ್ಟಿಕ್ಕಿಗೂ ನಡುವೆ ತುಂಬಿದ ಫೋಮ್ ಹೊರಗಿನ ಬಿಸಿಯನ್ನು ತಡೆಯುತ್ತದೆ. ತಳ ತುಕ್ಕು ಹಿಡಿದು, ಪ್ಲಾಸ್ಟಿಕ್ ಸೀಳಿ, ಅದರೊಳಗೆ ನೀರು ಸೇರಿದರೆ ತಡೆಯುವ ಶಕ್ತಿ ಹೋಗುತ್ತದೆ. ಮಳೆಗಾಲವಲ್ಲದ ದಿನಗಳಲ್ಲೂ ಹೊರಗಿನ ತಗಡಿನ ಒಂದೇ ಜಾಗ ಬೆವರುತ್ತಿದ್ದರೆ ಅಲ್ಲಿ ಫೋಮ್ ಸತ್ತಿದೆ ಎಂದೇ ತಿಳಿಯಬೇಕು. ಬದಿಗಳು ಬೆಚ್ಚಗಾಗುವುದಕ್ಕೆ ಹೆದರಬೇಕಿಲ್ಲ, ಕಂಡೆನ್ಸರ್ ಅಲ್ಲೇ ಒಳಗಿರುತ್ತದೆ. ಈ ಗೋಡೆಯೊಳಗಿನ ಕೊಳವೆಯೇ ಸೋರಿದರೆ ಅದನ್ನು ಬಿಟ್ಟು ಹಿಂಬದಿಗೆ ಬೇರೊಂದು ಕಂಡೆನ್ಸರ್ ಕೂರಿಸುವ ಉಪಾಯವುಂಟು, ಚೆನ್ನಾಗಿಯೂ ನಡೆಯುತ್ತದೆ. ಆದರೆ ಎಲ್ಲಿ ಸೋರುತ್ತಿದೆ ಎಂದು ಪತ್ತೆಯೇ ಆಗದೆ ‘ಹಾಕಿ ನೋಡೋಣ’ ಎಂದರೆ, ಅಥವಾ ಗೋಡೆ ಬೆವರುತ್ತಿದ್ದರೆ, ಮುಂದಿನ ಯಾವ ಲೆಕ್ಕವೂ ಬೇಡ. ಆ ಫ್ರಿಜ್ ಬದಲಿಸುವುದೇ ಸರಿ.

ನಮ್ಮ ಉದಾಹರಣೆಯ ಫ್ರಿಜ್‌ನ ಗೋಡೆ ಗಟ್ಟಿಯಿದೆ, ಬಾಗಿಲಿನ ರಬ್ಬರ್ ನೋಟನ್ನು ಬಿಗಿಯಾಗಿ ಹಿಡಿಯುತ್ತದೆ, ಕಂಪ್ರೆಸರ್ ಮಾತ್ರ ಹೋಗಿದೆ, ಬಲ್ಲ ಕೆಲಸಗಾರರೂ ಸಿಕ್ಕಿದ್ದಾರೆ ಎನ್ನೋಣ. ಈಗ ಲೆಕ್ಕ. ಹೊಸದಕ್ಕೆ 27,000, ಹಳೆಯದಕ್ಕೆ ಎಕ್ಸ್‌ಚೇಂಜಿನಲ್ಲಿ 2,000 ಕಳೆದರೆ ಕೈಯಿಂದ ಹೋಗುವುದು 25,000. ಹೊಸದು 10 ವರ್ಷ ಬಾಳಿದರೆ ವರ್ಷಕ್ಕೆ 2,500 ಬೀಳುತ್ತದೆ. ರಿಪೇರಿಯ 9,000ವನ್ನು 2,500ರಿಂದ ಭಾಗಿಸಿದರೆ 3.6. ಅಂದರೆ ರಿಪೇರಿಯಾದ ಫ್ರಿಜ್ ಇನ್ನು ಮೂರೂವರೆ, ನಾಲ್ಕು ವರ್ಷ ನಡೆದರೆ ದುಡ್ಡು ದಂಡವಲ್ಲ. ಒಳ್ಳೆಯ ಕೆಲಸಕ್ಕೆ ನಾಲ್ಕು ವರ್ಷ ದೊಡ್ಡ ಮಾತಲ್ಲ. ಇಲ್ಲಿಗೆ ಅಜ್ಜಿ ಗೆದ್ದರು.

ಆದರೆ ಫ್ರಿಜ್ ಮನೆಯಲ್ಲಿ ಹಗಲೂ ರಾತ್ರಿ ಕರೆಂಟಿಗೆ ಕಚ್ಚಿಕೊಂಡಿರುವ ವಸ್ತು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ನಕ್ಷತ್ರದ ಚೀಟಿ ತಂದಿತು, 2010ರಿಂದ ಫ್ರಾಸ್ಟ್ ಫ್ರೀ ಫ್ರಿಜ್‌ಗಳಿಗೆ ಅದು ಕಡ್ಡಾಯವಾಯಿತು. ಚೀಟಿಯಲ್ಲಿ ನಕ್ಷತ್ರಕ್ಕಿಂತ ಮುಖ್ಯವಾದದ್ದು ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಸಂಖ್ಯೆ. ನಕ್ಷತ್ರದ ಅಳತೆಗೋಲನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿಗೊಳಿಸುತ್ತಾ ಬಂದಿದ್ದಾರೆ. ಹತ್ತು ವರ್ಷದ ಹಿಂದಿನ ಐದು ನಕ್ಷತ್ರಕ್ಕೂ ಇಂದಿನದಕ್ಕೂ ಹೋಲಿಕೆಯಿಲ್ಲ, ಯೂನಿಟ್ಟನ್ನು ಯೂನಿಟ್ಟಿನ ಜೊತೆಗೇ ಹೋಲಿಸಬೇಕು. ಹಳೆಯದು ವರ್ಷಕ್ಕೆ 420 ಯೂನಿಟ್, ಹೊಸ ಇನ್ವರ್ಟರ್ ಫ್ರಿಜ್ 230 ಯೂನಿಟ್ ಎಂದಿಟ್ಟುಕೊಳ್ಳೋಣ. ಉಳಿಯುವುದು 190. ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 1,330 ರೂಪಾಯಿ. ಹೊಸದರ ವರ್ಷದ 2,500ರಲ್ಲಿ ಇದನ್ನು ಕಳೆದರೆ ನಿಜವಾದ ಖರ್ಚು 1,170 ಮಾತ್ರ. 9,000ವನ್ನು 1,170ರಿಂದ ಭಾಗಿಸಿದರೆ 7.7. ರಿಪೇರಿಯಾದ ಫ್ರಿಜ್ ಹತ್ತಿರ ಹತ್ತಿರ ಎಂಟು ವರ್ಷ ಬಾಳಬೇಕು, ಅಂದರೆ ತನ್ನ 19ನೇ ವರ್ಷದವರೆಗೆ, ನಡುವೆ ಫ್ಯಾನ್, ಹೀಟರ್ ಯಾವುದೂ ಕೆಡದೆ. ಅಂಥ ಫ್ರಿಜ್‌ಗಳೂ ಉಂಟು. ಅದನ್ನು ನಂಬಿ 9,000 ಹಾಕುವುದು ಮಾತ್ರ ಸರಿಯಲ್ಲ. ಇಲ್ಲಿ ಮಗ ಗೆದ್ದ.

ಹಳೆಯದರ ಯೂನಿಟ್ 300 ಮಾತ್ರ ಆಗಿದ್ದರೆ? ಉಳಿತಾಯ 70 ಯೂನಿಟ್, 490 ರೂಪಾಯಿ. ಆಗ ರಿಪೇರಿ ನಾಲ್ಕೂವರೆ ವರ್ಷ ನಡೆದರೆ ಸಾಕು. ತೀರ್ಪು ಮತ್ತೆ ತಿರುಗಿತು. ರಿಪೇರಿಯ ಮೊತ್ತ, ಹೊಸದರ ಬೆಲೆ ಎರಡೂ ಒಂದಿಷ್ಟೂ ಬದಲಾಗಲಿಲ್ಲ ನೋಡಿ.

ಹಾಗಾದರೆ ನಮ್ಮ ಫ್ರಿಜ್ ಎಷ್ಟು ತಿನ್ನುತ್ತದೆ ಎಂದು ತಿಳಿಯುವುದು ಹೇಗೆ? ಚೀಟಿ ಇನ್ನೂ ಬಾಗಿಲ ಮೇಲಿದ್ದರೆ ಸುಲಭ. ಇಲ್ಲವಾದರೆ ಪ್ಲಗ್ಗಿಗೂ ಫ್ರಿಜ್‌ಗೂ ನಡುವೆ ಚುಚ್ಚುವ ಸಣ್ಣ ಯೂನಿಟ್ ಮೀಟರ್ ಸಿಗುತ್ತದೆ, ಒಂದು ವಾರ ಇಟ್ಟು ನೋಡಿದರೆ ಸಾಕು. ಮೀಟರ್ ಇಲ್ಲದವರು ಹಬ್ಬಕ್ಕೆ ಊರಿಗೆ ಹೋಗುವಾಗ ಫ್ರಿಜ್ ಒಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ, ಮನೆಯ ಮೀಟರಿನ ಅಂಕಿ ಬರೆದುಕೊಂಡು ಹೋಗಿ, ಬಂದಮೇಲೆ ನೋಡಬಹುದು. ಬಾಗಿಲು ತೆಗೆಯದ ದಿನಗಳಾದ್ದರಿಂದ ಬರುವ ಲೆಕ್ಕ ತುಸು ಕಡಿಮೆಯೇ ಇರುತ್ತದೆ. ಈ ಅಳತೆಯನ್ನು ಫ್ರಿಜ್ ಗಟ್ಟಿಯಿದ್ದಾಗಲೇ ಮಾಡಿಟ್ಟುಕೊಳ್ಳಬೇಕು. ಗ್ಯಾಸ್ ಸೋರಿದ, ರಬ್ಬರ್ ಸಡಿಲಾದ ಫ್ರಿಜ್ ಬಿಡುವಿಲ್ಲದೆ ಓಡಿ ಯೂನಿಟ್ ಏರಿಸುತ್ತದೆ. ಆ ಏರಿದ ಅಂಕಿ ಹಿಡಿದು ಹೊಸದಕ್ಕೆ ಹೋಲಿಸಿದರೆ ಹಳೆಯದಕ್ಕೆ ಅನ್ಯಾಯವಾಗುತ್ತದೆ, ರಿಪೇರಿಯಾದ ಮೇಲೆ ಅದು ಇಳಿಯುವಂಥದ್ದು.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿರುವಿದೆ, ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ, ಪುಕ್ಕಟೆಯ ಮಿತಿ ಗೊತ್ತು ಮಾಡುತ್ತಾರೆ. ಆ ಮಿತಿಯೊಳಗೆ ಆರಾಮಾಗಿ ಇರುವ ಮನೆಗೆ ಶೂನ್ಯ ಬಿಲ್. ಅಂಥವರಿಗೆ 190 ಯೂನಿಟ್ ಉಳಿತಾಯ ಕೈಗೆ ಒಂದು ರೂಪಾಯಿಯನ್ನೂ ತರುವುದಿಲ್ಲ, ಮೊದಲ ಲೆಕ್ಕವೇ ನಿಲ್ಲುತ್ತದೆ: ನಾಲ್ಕು ವರ್ಷ ನಡೆಯುವ ರಿಪೇರಿ ಸಾಕು. ಆದರೆ ತಿಂಗಳಿಗೆ 205, 210 ಯೂನಿಟ್ ಆಗುವ ಮನೆಯ ಕಥೆ ತದ್ವಿರುದ್ಧ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು, ಸಾವಿರ ರೂಪಾಯಿಗೂ ಮೇಲೆ. ವರ್ಷಕ್ಕೆ 190 ಎಂದರೆ ತಿಂಗಳಿಗೆ 16 ಯೂನಿಟ್. ಮಿತಿ 200ರ ಸುತ್ತಲಿರುವ ಮನೆಯನ್ನು ಆ 16 ಯೂನಿಟ್ ಗೆರೆಯ ಈಚೆಗೆ ಎಳೆದು ತರಬಲ್ಲದು. ಅಂಥ ಮನೆಗೆ ಹೊಸ ಫ್ರಿಜ್ ಎರಡು ವರ್ಷದೊಳಗೇ ತನ್ನ ಬೆಲೆ ತೀರಿಸಬಹುದು. ಆದ್ದರಿಂದ ಅಂಗಡಿಗೆ ಹೊರಡುವ ಮೊದಲು ಹಿಂದಿನ 12 ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಕೂರಿ, ವಿಶೇಷವಾಗಿ ಮಾರ್ಚ್‌ನಿಂದ ಮೇ ತನಕದ್ದು.

ಪರಿಸರಕ್ಕಾಗಿ ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ ಎನ್ನುವವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಅಲ್ಲಿಯೂ ಯೂನಿಟ್ಟೇ ಮಾತಾಡುತ್ತದೆ. ವರ್ಷಕ್ಕೆ 420 ಯೂನಿಟ್ ತಿನ್ನುವ ಯಂತ್ರವನ್ನು ಎಂಟು ವರ್ಷ ಎಳೆಯುವುದು ಮಿತವ್ಯಯವಲ್ಲ. ಫ್ರಿಜ್ ಮನೆಯಿಂದ ಹೊರಟ ಮೇಲೂ ಹಾನಿ ನಡೆಯುತ್ತದೆ. ಕಂಪ್ರೆಸರ್ ಮಾತ್ರ ಕೆಟ್ಟ ಫ್ರಿಜ್‌ನಲ್ಲಿ ಗ್ಯಾಸ್ ಪೂರ್ತಿ ಉಳಿದಿರುತ್ತದೆ. ಆರ್-134ಎ ಗ್ಯಾಸಿಗೆ ಬಿಸಿ ಹಿಡಿದಿಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸಾವಿರದ ನಾನೂರು ಪಟ್ಟು. ಗುಜರಿಯವರು ತಾಮ್ರದ ಆಸೆಗೆ ಅಂಗಳದಲ್ಲೇ ಕೊಳವೆ ಕತ್ತರಿಸಿದರೆ, ನೂರು ಗ್ರಾಂ ಗ್ಯಾಸ್ ‘ಫುಸ್’ ಎಂದು ಹೋದದ್ದು ನೂರ ನಲವತ್ತು ಕಿಲೋ ಡೈಆಕ್ಸೈಡ್ ಬಿಟ್ಟಂತೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣದ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹಾಗಾಗಿ ಗುಜರಿಯವರು ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ಎಕ್ಸ್‌ಚೇಂಜಿಗೆ ಹಾಕಿ, ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದ ಇ-ತ್ಯಾಜ್ಯ ಘಟಕದವರನ್ನು ಕರೆಸಿ. ಒಯ್ಯುವವರು ಬರುವುದು ತಡವಾಗಿ ಫ್ರಿಜ್ ವರಾಂಡದಲ್ಲೋ ಹಿತ್ತಿಲಲ್ಲೋ ನಿಲ್ಲಬೇಕಾದರೆ, ಆಡುವ ಮಕ್ಕಳು ಒಳಗೆ ಅವಿತು ಸಿಕ್ಕಿಕೊಳ್ಳದಂತೆ ಎರಡೂ ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ ಪಕ್ಕಕ್ಕೆ ಒರಗಿಸಿಡಿ.